ಪೊರೆ ಆಪರೇಷನ್ ಆದಮೇಲೆ ಎಷ್ಟು ದಿನ ಪಥ್ಯ?

ಪ್ರಶ್ನೆ: "ಸಿಸ್ಟರ್, ನಮ್ಮ ಅವ್ವಗ ಕಣ್ಣಿನ ಪೊರೆ ಆಪರೇಷನ್ ಆಗೇತ್ರಿ. ಬದ್ನಿಕಾಯಿ, ಹುಣಸಿಹುಳಿ, ಮೊಸರು ಎಲ್ಲಾ ಬಿಡಿಸೀವಿ. ಎಷ್ಟು ದಿನ ಪಥ್ಯ ಮಾಡಬೇಕು? ಇನ್ನೇನರ ಬಿಡಿಸಬೇಕೇನ್ರಿ?"

ಒಂದು ದಿನವೂ ಬೇಡ. ಬಿಡಿಸಿದ್ದನ್ನೆಲ್ಲ ಇವತ್ತೇ ಮತ್ತೆ ಬಡಿಸಿ.

ರಾಯಚೂರಿನ ಕಣ್ಣಿನ ವಾರ್ಡಿನಲ್ಲಿ ಡಿಸ್ಚಾರ್ಜ್ ಚೀಟಿ ಕೈಗಿಡುವಾಗ ನಾನು ಪ್ರತಿಯೊಬ್ಬರಿಗೂ ಹನಿ ಹಾಕುವುದು ಹೇಗೆಂದು ತೋರಿಸುತ್ತೇನೆ. ಎಲ್ಲ ಕೇಳಿಸಿಕೊಂಡು, ತಲೆಯಾಡಿಸಿ, ಬಾಗಿಲ ತನಕ ಹೋದವರು ತಿರುಗಿ ಬಂದು ಕೇಳುವುದು ಮಾತ್ರ ಊಟದ ವಿಷಯ. ಸಿಂಧನೂರು, ಮಾನ್ವಿ, ದೇವದುರ್ಗ, ಯಾವ ಕಡೆಯಿಂದ ಬಂದವರೂ ಇದನ್ನೇ ಕೇಳುತ್ತಾರೆ. "ಬದ್ನಿಕಾಯಿ ನಂಜಲ್ರಿ, ಕೀವು ಆಗಂಗಿಲ್ಲೇನು?" ಹೇಳಿ ಹೇಳಿ ನನಗೆ ಸಾಕಾಗಿದೆ. ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ.

ಕಣ್ಣಿನಲ್ಲಿ ಕೀವಾಗುವುದು ರೋಗಾಣು ಕಣ್ಣೊಳಗೆ ಇಳಿದರೆ. ಆ ರೋಗಾಣು ಹೆಚ್ಚಿನ ಸಲ ಬರುವುದು ರೋಗಿಯ ಸ್ವಂತ ರೆಪ್ಪೆಯಿಂದ, ರೆಪ್ಪೆಗೂದಲಿನ ಬುಡದಿಂದ. ಆಪರೇಷನ್‌ಗೆ ಮುಂಚೆ ರೆಪ್ಪೆಗೆಲ್ಲ ಕಂದುಬಣ್ಣದ ಅಯೋಡಿನ್ ಔಷಧಿ ಬಳಿದು, ಕಣ್ಣೊಳಗೂ ಅದನ್ನೇ ತೆಳುಮಾಡಿ ಹಾಕುವುದು ಇದೇ ಕಾರಣಕ್ಕೆ. ಮನೆಗೆ ಹೋದಮೇಲೆ ತೊಳೆಯದ ಬೆರಳು, ಸೀರೆಯ ಸೆರಗು, ಬಾವಿ ನೀರು, ರೆಪ್ಪೆಗೆ ತಾಗಿದ ಬಾಟಲಿಯ ಮೂತಿ, ಇವುಗಳಿಂದಲೂ ಬರಬಹುದು. ತಿಂದ ಬದನೆಕಾಯಿ ಹೊಟ್ಟೆಯಲ್ಲಿ ಅರಗಿ ರಕ್ತ ಸೇರುತ್ತದೆ. ಅದರಿಂದ ಕಣ್ಣಿಗೆ ರೋಗಾಣು ಹೋಗುವ ದಾರಿಯೇ ಇಲ್ಲ. ಎಣ್ಣೆಗಾಯಿ, ಪುಂಡಿಪಲ್ಲೆ, ಮೊಸರು, ತತ್ತಿ, ಮಾಂಸ ಯಾವುದರಿಂದಲೂ ಗಾಯ ಕೀವಾಗುವುದಿಲ್ಲ. ಗಾಯ ಕೂಡಲು ಬೇಳೆ, ಹಾಲು, ತತ್ತಿಯಂಥವು ಬೇಕೇ ಬೇಕು. ಪಥ್ಯದ ಹೆಸರಲ್ಲಿ ನಾವು ಬಿಡಿಸುವುದು ಅವನ್ನೇ.

ಹಾಗಾದರೆ ಹಿರಿಯರು ಸುಮ್ಮನೆ ಹೇಳಿದರಾ? ಇಲ್ಲ. ಅವರ ಕಾಲದ ಆಪರೇಷನ್ ಬೇರೆಯೇ ಇತ್ತು. ಆಗ ಕರಿಗುಡ್ಡೆಯ ಅಂಚಿನಲ್ಲಿ ಹತ್ತು, ಹನ್ನೆರಡು ಮಿಲಿಮೀಟರ್ ಉದ್ದ ಕೊಯ್ದು ಪೊರೆಯನ್ನು ಇಡಿಯಾಗಿ ತೆಗೆಯುತ್ತಿದ್ದರು. ಅಷ್ಟು ದೊಡ್ಡ ಗಾಯ ಬಾಯಿ ಬಿಡಬಾರದೆಂದು ರೋಗಿಯನ್ನು ದಿನಗಟ್ಟಲೆ ಅಂಗಾತ ಮಲಗಿಸಿ, ತಲೆಯ ಎರಡೂ ಕಡೆ ಮರಳಿನ ಚೀಲ ಇಡುತ್ತಿದ್ದರು. ಗಟ್ಟಿ ರೊಟ್ಟಿ ಅಗಿದರೆ ದವಡೆಯ ಎಳೆತಕ್ಕೆ ಕಣ್ಣು ಅಲುಗೀತು, ಮಲಬದ್ಧತೆಯಾಗಿ ತಿಣುಕಿದರೆ ಹೊಲಿಗೆ ಸಡಿಲಾದೀತು ಎಂದು ಗಂಜಿ ಕೊಡುತ್ತಿದ್ದರು. ಆ ಗಂಜಿ ಗಾಯದ ಅಳತೆಗೆ ತಕ್ಕ ಮಾತಾಗಿತ್ತು, ಬದನೆಕಾಯಿಗೂ ಅದಕ್ಕೂ ಸಂಬಂಧ ಇರಲಿಲ್ಲ. ಈಗ ಶಿಬಿರಗಳಲ್ಲಿ ಹೆಚ್ಚಾಗಿ ಮಾಡುವ ಸಣ್ಣ ಗಾಯದ ಆಪರೇಷನ್‌ನಲ್ಲಿ ಕೊಯ್ತ ಆರೇಳು ಮಿಲಿಮೀಟರ್. ಪೊರೆಯನ್ನು ಯಂತ್ರದಿಂದ ಒಳಗೇ ಪುಡಿಮಾಡಿ ಹೀರಿ ತೆಗೆಯುವ ಫೇಕೋ ಆದರೆ ಮೂರಕ್ಕಿಂತ ಕಡಿಮೆ. ಎರಡರಲ್ಲೂ ಸಾಮಾನ್ಯವಾಗಿ ಹೊಲಿಗೆ ಇಲ್ಲ. ಕೊಯ್ತವನ್ನು ಓರೆಯಾಗಿ ಸುರಂಗದಂತೆ ಮಾಡಿರುತ್ತಾರೆ. ಕಣ್ಣೊಳಗಿನ ಒತ್ತಡವೇ ಒಳಪದರವನ್ನು ಒತ್ತಿ ಬಾಯಿ ಮುಚ್ಚುತ್ತದೆ. ಊಟ ಅಗಿದರೆ ಅದು ತೆರೆಯುವುದಿಲ್ಲ. ಹೊರಗಿನಿಂದ ಬೆರಳು ಒತ್ತಿದರೆ, ಕಣ್ಣು ಉಜ್ಜಿದರೆ ತೆರೆಯುತ್ತದೆ.

ಊಟ ಬಿಡಿಸಿದರೆ ನಷ್ಟವೇನು ಎಂದು ಕೇಳುವವರಿಗಾಗಿ ಒಬ್ಬ ಅಜ್ಜಿಯ ವಿಷಯ ಹೇಳುತ್ತೇನೆ. ಸಿಂಧನೂರು ಕಡೆಯವರು, ವಯಸ್ಸು ಅರವತ್ತೈದರ ಮೇಲೆ, ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುವವರು. ಬಲಗಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಮರುದಿನ ಪಟ್ಟಿ ಬಿಚ್ಚಿದಾಗ ನನ್ನ ಬೆರಳುಗಳನ್ನು ಎಣಿಸಿ, ಎದುರು ಗೋಡೆಯ ಗಡಿಯಾರದ ಮುಳ್ಳು ಹೇಳಿದರು. ವಾರಕ್ಕೆ ತೋರಿಸಲು ಬಂದಾಗ ಮಗನ ಭುಜ ಹಿಡಿದು ಬಂದರು, ಕಣ್ಣು ಕೆಂಪಗಿತ್ತು, ಬೆಳಕಿಗೆ ಮುಖ ತಿರುಗಿಸುತ್ತಿದ್ದರು. ಕೇಳಿದರೆ ವಾರವಿಡೀ ಎರಡು ಹೊತ್ತು ಸಪ್ಪನ ಗಂಜಿಯಷ್ಟೇ. ಗುಳಿಗೆ ಮಾತ್ರ ಎಂದಿನಷ್ಟೇ. ಊಟ ಇಳಿದು ಗುಳಿಗೆ ಇಳಿಯದಿದ್ದರೆ ರಕ್ತದ ಸಕ್ಕರೆ ಕುಸಿಯಬಹುದು. ಎರಡು ಸಲ ಬೆವರಿ, ಕೈಕಾಲು ನಡುಗಿ ಕುಸಿದು ಕೂತಿದ್ದರಂತೆ. ಪಲ್ಯ, ರೊಟ್ಟಿ ಇಲ್ಲದೆ ಮಲ ಕಟ್ಟಿ, ದಿನಾ ಬೆಳಿಗ್ಗೆ ತಿಣುಕುತ್ತಿದ್ದರು.

"ಹನಿ ಹೆಂಗ ಹಾಕ್ತೀರಿ, ತೋರಿಸ್ರಿ" ಎಂದೆ. ಮೊಮ್ಮಗ ಬಾಟಲಿ ತೆಗೆದ. ಕೈ ತೊಳೆಯಲಿಲ್ಲ, ಅಲುಗಾಡಿಸಲಿಲ್ಲ. ಅಜ್ಜಿಯ ಮೇಲಿನ ರೆಪ್ಪೆ ಎತ್ತಿ, ಮೂತಿಯನ್ನು ರೆಪ್ಪೆಗೂದಲಿಗೆ ತಾಗಿಸಿ ಹಿಂಡಿದ. ಮೂರು ಹನಿ ಕೆನ್ನೆಗಿಳಿದವು. ಅಜ್ಜಿ ಸೆರಗಿನಿಂದ ಕಣ್ಣು ಒತ್ತಿ ಒರೆಸಿಕೊಂಡರು. ಔಷಧಿ ಉಷ್ಣ ಎಂದು ದಿನಕ್ಕೆ ಆರು ಸಲದ ಹನಿಯನ್ನು ಎರಡು ಸಲಕ್ಕೆ ಇಳಿಸಿದ್ದರು. ಪುಣ್ಯಕ್ಕೆ ಕೀವಾಗಿರಲಿಲ್ಲ, ಹನಿ ಸಾಲದೆ ಒಳಗೆ ಉರಿಯೂತ ಏರಿತ್ತು. ಡಾಕ್ಟರು ಹನಿಯನ್ನು ಗಂಟೆಗೊಮ್ಮೆ ಮಾಡಿ, ಆಮೇಲೆ ಮೆಲ್ಲಗೆ ಇಳಿಸಿದರು, ತಿಳಿಯಾಯಿತು. ಆ ಮನೆಯವರು ಅಸಡ್ಡೆಯವರಲ್ಲ. ಸೊಸೆ ಅವರಿಗಾಗಿಯೇ ಬೇರೆ ಒಲೆಯ ಮೇಲೆ ಅಡುಗೆ ಮಾಡಿದ್ದಳು. ಅಷ್ಟು ಕಾಳಜಿಯೆಲ್ಲ ತಟ್ಟೆಯ ಮೇಲೆ ಖರ್ಚಾಯಿತು ಎನ್ನುವುದೇ ನನಗೆ ಸಂಕಟ.

ಹನಿ ಹಾಕುವ ಕ್ರಮ ಇದು. ಮೊದಲು ಚೀಟಿ ನೋಡಿ ಯಾವ ಕಣ್ಣು, ಯಾವ ಬಾಟಲಿ ಎಂದು ಖಾತ್ರಿ ಮಾಡಿಕೊಳ್ಳಿ. ಕೈಯನ್ನು ಸಾಬೂನು ಹಚ್ಚಿ ತೊಳೆದು ಒಣಗಿಸಿ. ಉರಿಯೂತ ಇಳಿಸುವ ಸ್ಟಿರಾಯ್ಡ್ ಹನಿ ಹಾಲಿನಂತೆ ಬೆಳ್ಳಗಿದ್ದರೆ ಮದ್ದು ತಳದಲ್ಲಿ ಕೂತಿರುತ್ತದೆ, ಚೆನ್ನಾಗಿ ಅಲುಗಾಡಿಸಿ. ರೋಗಿ ಮಲಗಲಿ, ಇಲ್ಲವೆ ತಲೆ ಹಿಂದಕ್ಕೆ ಒರಗಿಸಿ ಸೂರು ನೋಡಲಿ. ನಿಮ್ಮ ಬೆರಳನ್ನು ಕೆನ್ನೆಯ ಎಲುಬಿನ ಮೇಲೆ ಇಟ್ಟು ಕೆಳರೆಪ್ಪೆಯನ್ನು ಕೆಳಗೆ ಎಳೆಯಿರಿ. ಮೇಲಿನ ರೆಪ್ಪೆ ಮುಟ್ಟಬೇಡಿ, ಗುಡ್ಡೆ ಒತ್ತಬೇಡಿ. ಕೆಳಗೆ ಕಾಣುವ ಕೆಂಪು ತೊಟ್ಟಿಯಲ್ಲಿ, ಮೂತಿ ಎಲ್ಲಿಯೂ ತಾಗದಂತೆ, ಒಂದೇ ಹನಿ ಬಿಡಿ. ಕಣ್ಣಿಗೆ ಹಿಡಿಯುವುದೇ ಒಂದು ಹನಿಗಿಂತ ಕಡಿಮೆ. ಎರಡನೆಯದು ಹಾಕಿದರೆ ಕೆನ್ನೆಗೆ ಮದ್ದು ಹಚ್ಚಿದಂತಾಗುತ್ತದೆ, ಅಷ್ಟೇ. ಕಣ್ಣನ್ನು ಹಗುರಾಗಿ ಮುಚ್ಚಿ ಎರಡು ನಿಮಿಷ ಇರಲಿ. ಹೊರಬಂದದ್ದನ್ನು ಶುದ್ಧ ಹತ್ತಿಯಿಂದ ಕೆನ್ನೆಯ ಮೇಲೆ ಮಾತ್ರ ಒರೆಸಿ. ಇನ್ನೊಂದು ಬಾಟಲಿ ಇದ್ದರೆ ಐದು ನಿಮಿಷ ಬಿಟ್ಟು ಹಾಕಿ, ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.

ಎಷ್ಟು ದಿನ ಎನ್ನುವುದು ಚೀಟಿಯಲ್ಲಿರುತ್ತದೆ. ಆಂಟಿಬಯಾಟಿಕ್ ಹನಿ ಸಾಮಾನ್ಯವಾಗಿ ಒಂದೆರಡು ವಾರ. ಸ್ಟಿರಾಯ್ಡ್ ಹನಿ ನಾಲ್ಕರಿಂದ ಆರು ವಾರ, ದಿನಕ್ಕೆ ಹಾಕುವ ಸಲಗಳು ವಾರ ವಾರಕ್ಕೆ ಒಂದೊಂದು ಇಳಿಯುತ್ತ ಬರುತ್ತವೆ. ಕಣ್ಣು ಚೆನ್ನಾಗಿ ಕಾಣುತ್ತದೆ ಎಂದು ನಡುವೆ ನಿಲ್ಲಿಸಿದರೆ ಉರಿಯೂತ ಮರಳುತ್ತದೆ. ಮುಗಿದಮೇಲೂ ಮೆಡಿಕಲ್ ಅಂಗಡಿಯಿಂದ ತಂದು ಮುಂದುವರಿಸಿದರೆ ಕಣ್ಣೊಳಗಿನ ಒತ್ತಡ ಏರಿ ನರಕ್ಕೆ ಪೆಟ್ಟಾಗಬಹುದು. ಎರಡನ್ನೂ ಮಾಡಬೇಡಿ.

ಕರಿ ಕನ್ನಡಕ ಹಗಲಿಗೆ. ರಾತ್ರಿಗೆ ತೂತುಗಳಿರುವ ಪ್ಲಾಸ್ಟಿಕ್ ಮುಚ್ಚಳ ಕೊಟ್ಟಿರುತ್ತೇವೆ, ಅದನ್ನು ಹೆಚ್ಚಿನವರು ಬಳಸುವುದೇ ಇಲ್ಲ. ನಿದ್ದೆಯಲ್ಲಿ ಕಣ್ಣು ತುರಿಸಿ ನಿಮ್ಮ ಕೈಯೇ ಉಜ್ಜುತ್ತದೆ, ಅದಕ್ಕೆ ಅಡ್ಡ ಇರುವುದು ಆ ಮುಚ್ಚಳ ಒಂದೇ. ಅಂಚು ಹುಬ್ಬಿನ ಮತ್ತು ಕೆನ್ನೆಯ ಎಲುಬಿನ ಮೇಲೆ ಕೂರಬೇಕು, ಕಣ್ಣಿಗೆ ತಾಗಬಾರದು. ಟೇಪನ್ನು ಹಣೆಯಿಂದ ಕೆನ್ನೆಗೆ ಓರೆಯಾಗಿ ಅಂಟಿಸಿ. ಬೆಳಿಗ್ಗೆ ಸಾಬೂನಿನಿಂದ ತೊಳೆದು ಒಣಗಿಸಿ. ಮೊದಲ ವಾರವಂತೂ ತಪ್ಪಿಸಬೇಡಿ, ಆಪರೇಷನ್ ಆದ ಕಡೆಗೆ ಮಗ್ಗುಲಾಗಿ ಮಲಗಬೇಡಿ. ಕತ್ತಿನ ಕೆಳಗಿನ ಸ್ನಾನ ಮರುದಿನದಿಂದಲೇ ಆಗಬಹುದು. ತಲೆಗೆ ನೀರು ಡಾಕ್ಟರು ಹೇಳಿದ ಮೇಲೆ, ಸಾಮಾನ್ಯವಾಗಿ ಒಂದು ವಾರ, ಹತ್ತು ದಿನ. ಭತ್ತದ ರಾಶಿ, ಮೆಣಸಿನಕಾಯಿ ಒಣಗಿಸುವ ಕಣ, ಒಲೆಯ ಹೊಗೆ, ತುಂಬಿದ ಕೊಡ, ದೇವರ ಮುಂದೆ ಅಡ್ಡಬೀಳುವುದು, ಇವು ಮೂರು ನಾಲ್ಕು ವಾರ ಬೇಡ. ಪಥ್ಯ ಮಾಡಲೇಬೇಕು ಎನ್ನುವವರು ಇದನ್ನು ಮಾಡಿ.

ಮೊದಲ ಒಂದೆರಡು ದಿನ ಕಣ್ಣಲ್ಲಿ ಮರಳು ಬಿದ್ದಂತೆ ಚುಚ್ಚುವುದು, ನೀರು ಬರುವುದು ಸಹಜ. ದಿನದಿಂದ ದಿನಕ್ಕೆ ಅದು ಇಳಿಯಬೇಕು. ಮನೆಯವರಿಗೆ ನಾನು ಒಂದು ಪರೀಕ್ಷೆ ಹೇಳಿಕೊಡುತ್ತೇನೆ: ದಿನಾ ಬೆಳಿಗ್ಗೆ ಒಂದೇ ಜಾಗದಲ್ಲಿ ಕೂರಿಸಿ, ಇನ್ನೊಂದು ಕಣ್ಣನ್ನು ಅಂಗೈಯಿಂದ ಮರೆಮಾಡಿ, ಗೋಡೆಯ ಕ್ಯಾಲೆಂಡರಿನ ತಾರೀಖು ಓದಿಸಿ. ಓದು ಬರದವರು ದೇವರ ಪಟ ನೋಡಿ ಹೇಳಲಿ. ನಿನ್ನೆ ಕಂಡದ್ದು ಇವತ್ತು ಮಸುಕಾದರೆ, ಇಲ್ಲವೆ ನೋವು ಏರಿದರೆ, ರೆಪ್ಪೆ ಊದಿದರೆ, ಪಿಚ್ಚು ಹೆಚ್ಚಾದರೆ, ವಾಂತಿಯಾದರೆ, ಇವುಗಳಲ್ಲಿ ಒಂದೇ ಆದರೂ ಆ ದಿನವೇ ಬನ್ನಿ. ಕೀವಿನ ಸೋಂಕು ಹೆಚ್ಚಾಗಿ ಎರಡರಿಂದ ಏಳನೆಯ ದಿನದೊಳಗೆ ತೋರುತ್ತದೆ. ಗಂಟೆಗಳೊಳಗೆ ಕಣ್ಣಿಗೆ ಇಂಜೆಕ್ಷನ್ ಸಿಕ್ಕರೆ ದೃಷ್ಟಿ ಉಳಿಸಬಹುದು. ಸಂತೆ ಮುಗಿಯಲಿ, ಅಮಾವಾಸ್ಯೆ ಕಳೆಯಲಿ ಎಂದು ಎರಡು ದಿನ ಕೂತರೆ ಕಣ್ಣೇ ಹೋಗಬಹುದು.

ಯಾರೂ ಕೇಳದ ಇನ್ನೊಂದು ವಿಷಯ, ಬಾಟಲಿ ಎಲ್ಲಿಡುತ್ತೀರಿ? ನಮ್ಮ ರಾಯಚೂರಿನ ಬೇಸಿಗೆ ನಲವತ್ತು ಡಿಗ್ರಿ ದಾಟುತ್ತದೆ. ತಗಡಿನ ಮನೆಯ ಕಿಟಕಿಯ ಮೇಲೆ, ಟಿವಿಯ ಮೇಲೆ, ಅಂಗಿಯ ಜೇಬಿನಲ್ಲಿ ಇಟ್ಟ ಹನಿ ಕಾದು ಕೆಡುತ್ತದೆ. ಎಷ್ಟು ಡಿಗ್ರಿಯ ಒಳಗಿಡಬೇಕೆಂದು ಲೇಬಲ್ಲಿನ ಮೇಲೆ ಬರೆದಿರುತ್ತದೆ. ಫ್ರಿಜ್ ಇದ್ದರೆ ಬಾಗಿಲ ಅರೆಯಲ್ಲಿಡಿ, ಬರ್ಫದ ಖಾನೆಯಲ್ಲಿ ಬೇಡ. ಇಲ್ಲದಿದ್ದರೆ ಒಣ ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಮುಚ್ಚಿ, ನೀರಿನ ಮಣ್ಣಿನ ಗಡಿಗೆಯ ಪಕ್ಕ ನೆರಳಲ್ಲಿಡಿ. ಒಡೆದ ದಿನದ ತಾರೀಖನ್ನು ಲೇಬಲ್ಲಿನ ಮೇಲೆ ಪೆನ್ನಿನಿಂದ ಬರೆಯಿರಿ. ತಿಂಗಳಾದಮೇಲೆ ಉಳಿದಿದ್ದರೂ ಚೆಲ್ಲಿ, ಚೀಟಿಯಲ್ಲಿ ಇನ್ನೂ ದಿನ ಬಾಕಿಯಿದ್ದರೆ ಹೊಸದು ತನ್ನಿ. ಅವ್ವನ ಬಾಟಲಿಯಲ್ಲಿ ಉಳಿದದ್ದನ್ನು ಅಪ್ಪನ ಕೆಂಪುಗಣ್ಣಿಗೆ ಹಾಕಬೇಡಿ. ಅಪ್ಪನಿಗೂ ತೋರಿಸುವುದಿದ್ದರೆ ಅವ್ವನ ಜೊತೆಗೇ ಕರೆದುಕೊಂಡು ಬನ್ನಿ.