ಹಡಗಿನ ಹೊಟ್ಟೆಯಲ್ಲೇ ಕೆಸರಾಗುವ ಅದಿರು

ಅಂಕೋಲಾ, ಕಾರವಾರದ ಕಡೆಯವರಿಗೆ ಕಬ್ಬಿಣದ ಅದಿರು ಅಂದರೆ ಲಾರಿಗಳ ಸಾಲು, ಕೆಂಪು ಧೂಳು, 2010ರ ಬೇಲೆಕೇರಿ ಪ್ರಕರಣ. ಆದರೆ ಅದೇ ಅದಿರು ಬಂದರು ಬಿಟ್ಟು ಹಡಗು ಹತ್ತಿದ ಮೇಲೆ ಏನು ಮಾಡಬಲ್ಲದು ಅನ್ನೋದು ನಮ್ಮಲ್ಲಿ ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಅದಕ್ಕೆ 2009ಕ್ಕೆ ಹೋಗಬೇಕು.

ಆ ವರ್ಷ ಜುಲೈ 18ರಂದು, ಸುರಿಯುವ ಮಳೆಗಾಲದಲ್ಲಿ, ನವಮಂಗಳೂರು ಬಂದರಿನಿಂದ ಚೀನಾಕ್ಕೆ ಹೊರಟಿದ್ದ 'ಏಷ್ಯನ್ ಫಾರೆಸ್ಟ್' ಮಂಗಳೂರಿನ ಆಚೆ ಮುಳುಗಿತು. ಅದರಲ್ಲಿದ್ದದ್ದು ಸುಮಾರು 13,600 ಟನ್ ಕಬ್ಬಿಣದ ಅದಿರಿನ ಪುಡಿ, ಬಂದರಿನವರ ಮಾತಲ್ಲಿ 'ಫೈನ್ಸ್'. ಹಡಗು ಒಂದು ಬದಿಗೆ ವಾಲಿತು, ಮತ್ತೆ ನೇರವಾಗಲೇ ಇಲ್ಲ. 18 ಸಿಬ್ಬಂದಿಯನ್ನೂ ಕರಾವಳಿ ಕಾವಲು ಪಡೆ ಉಳಿಸಿತು. ಸೆಪ್ಟೆಂಬರ್ 9ರಂದು ಒಡಿಶಾದ ಪಾರಾದೀಪ್ ಬಳಿ ಇದೇ ಸರಕು ಹೊತ್ತ 'ಬ್ಲ್ಯಾಕ್ ರೋಸ್' ಮುಳುಗಿತು. ಅಲ್ಲಿ ಒಂದು ಜೀವ ಹೋಯಿತು.

ಕಲ್ಲಿನಷ್ಟು ಭಾರದ ಪುಡಿ ಹರಿಯೋದು ಹೇಗೆ? ಕಾರವಾರದ ಕಡಲತೀರದಲ್ಲಿ, ಅಲೆ ಈಗಷ್ಟೇ ಹಿಂದೆ ಸರಿದ ಜಾಗದಲ್ಲಿ ನಿಂತು ಕಾಲಿನಿಂದ ಪಟಪಟ ತಟ್ಟಿ ನೋಡಿ. ಗಟ್ಟಿಯಾಗಿದ್ದ ಮರಳು ಕ್ಷಣದಲ್ಲಿ ನೀರುಬಿಟ್ಟು ಅಲುಗಾಡತೊಡಗುತ್ತದೆ. ಹಡಗಿನಲ್ಲೂ ಆಗೋದು ಇದೇ. ಅದಿರಿನ ಕಣಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿರುತ್ತವೆ, ರಾಶಿಗೆ ಬಲ ಬರೋದು ಆ ಘರ್ಷಣೆಯಿಂದ. ಕಣಗಳ ನಡುವಿನ ಸಂದುಗಳಲ್ಲಿ ಒಂದಿಷ್ಟು ಗಾಳಿ, ಒಂದಿಷ್ಟು ನೀರು. ಇಂಜಿನ್ ನಡುಗುತ್ತದೆ, ಅಲೆ ಹಡಗನ್ನು ಆ ಕಡೆ ಈ ಕಡೆ ಹೊರಳಿಸುತ್ತದೆ, ರಾಶಿ ನಿಧಾನವಾಗಿ ಕುಸಿದು ಬಿಗಿಯಾಗುತ್ತದೆ, ಸಂದುಗಳು ಚಿಕ್ಕದಾಗುತ್ತವೆ. ಮೊದಲು ಗಾಳಿ ಹೊರಗೆ ಹೋಗುತ್ತದೆ. ಅಲ್ಲಿಯವರೆಗೆ ಮೇಲಿನಿಂದ ನೋಡಿದವರಿಗೆ ಏನೂ ಗೊತ್ತಾಗದೇ ಇರಬಹುದು. ಗಾಳಿ ಮುಗಿದ ಮೇಲೆ ಉಳಿಯೋದು ನೀರು ಮಾತ್ರ, ಅದನ್ನು ಅದುಮಿ ಚಿಕ್ಕದು ಮಾಡೋಕೆ ಆಗಲ್ಲ. ನೀರಿನ ಒತ್ತಡ ಏರಿ ಕಣಗಳನ್ನು ಒಂದರಿಂದೊಂದು ಬಿಡಿಸುತ್ತದೆ, ಘರ್ಷಣೆ ಹೋಗುತ್ತದೆ, ರಾಶಿ ಕೆಸರಾಗುತ್ತದೆ. ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಸುಮ್ನೆ ಇದ್ದ ಸರಕು ಇದ್ದಕ್ಕಿದ್ದಂತೆ ಜರುಗೋದು ಇದರಿಂದ.

ಆಮೇಲಿನದ್ದು ಇನ್ನೂ ಕೆಟ್ಟದ್ದು. ಹಡಗು ಎಡಕ್ಕೆ ವಾಲಿದಾಗ ಕೆಸರು ಎಡಕ್ಕೆ ಹರಿಯುತ್ತದೆ, ಬಲಕ್ಕೆ ವಾಲಿದಾಗ ಪೂರ್ತಿ ವಾಪಸ್ ಬರಲ್ಲ. ಪ್ರತಿ ಹೊರಳಿಗೂ ಸ್ವಲ್ಪ ಸ್ವಲ್ಪ ಒಂದೇ ಬದಿಯಲ್ಲಿ ಉಳಿಯುತ್ತಾ ಹೋಗುತ್ತದೆ. ಸಿಬ್ಬಂದಿಗೆ ಸಿಗೋದು ಕೆಲವೊಮ್ಮೆ ಕೆಲವೇ ನಿಮಿಷ.

ಇದನ್ನು ತಡೆಯೋ ಲೆಕ್ಕ ಕಷ್ಟದ್ದೇನಲ್ಲ. ಎಷ್ಟು ತೇವಾಂಶಕ್ಕೆ ಸರಕು ಹರಿಯತೊಡಗುತ್ತದೆ ಅಂತ ಪ್ರಯೋಗಾಲಯದಲ್ಲಿ ಕಂಡುಹಿಡಿಯುತ್ತಾರೆ. ಸಾಮಾನ್ಯವಾಗಿ ಅದರ ಶೇ. 90 ಅನ್ನು ಸಾಗಣೆಯ ಮಿತಿ ಅಂತ ಇಡುತ್ತಾರೆ. ಶೇ. 10ಕ್ಕೆ ಹರಿಯುವ ಅದಿರಾದರೆ ಮಿತಿ ಶೇ. 9. ಏಷ್ಯನ್ ಫಾರೆಸ್ಟ್‌ನಷ್ಟು ಸರಕಿನಲ್ಲಿ ಆ ಒಂದು ಶೇಕಡಾ ಅಂದರೆ 136 ಟನ್ ನೀರು. ನಮ್ಮ ಕರಾವಳಿಯ ಮಳೆಯಲ್ಲಿ ಬಯಲಲ್ಲಿ ಬಿದ್ದ ರಾಶಿಗೆ ಅಷ್ಟು ನೀರು ಸೇರೋದು ಏನು ಮಹಾ? ಬಿಸಿಲು ಬಿದ್ದರೆ ಮೇಲ್ಪದರ ಬೇಗ ಒಣಗುತ್ತದೆ, ಒಳಗೆ ನೀರು ಹಾಗೇ ಇರುತ್ತದೆ. ಹಾಗಾಗಿ ರಾಶಿಯ ಮೇಲಿಂದ ಮಾತ್ರ ಮಾದರಿ ತೆಗೆದರೆ ಕಾಗದದಲ್ಲಿ ಎಲ್ಲಾ ಸರಿಯಾಗೇ ಕಾಣುತ್ತದೆ.

ಹಾಗಾದರೆ 2009ರಲ್ಲಿ ನಿಯಮ ಇರಲಿಲ್ವಾ? ಇತ್ತು, ಆದರೆ ಅದರಲ್ಲಿ ದೊಡ್ಡ ಸಂದು ಇತ್ತು. ಹಡಗಿನಲ್ಲಿ ಇಂಥ ಸಡಿಲ ಸರಕು ಸಾಗಿಸೋದಕ್ಕಿರುವ ಅಂತಾರಾಷ್ಟ್ರೀಯ ಸಂಹಿತೆಯಲ್ಲಿ 'ಎ' ಗುಂಪು ಅಂದರೆ ಕೆಸರಾಗಬಹುದಾದ ಸರಕು, 'ಸಿ' ಅಂದರೆ ಆ ಅಪಾಯ ಇಲ್ಲದ್ದು. ಸಂಸ್ಕರಿಸಿದ ಅದಿರು 'ಎ'ಯಲ್ಲಿತ್ತು, ಬರೀ 'ಕಬ್ಬಿಣದ ಅದಿರು' 'ಸಿ'ಯಲ್ಲಿತ್ತು. ಫೈನ್ಸ್ ಅನ್ನೋ ಹೆಸರೇ ಪಟ್ಟಿಯಲ್ಲಿರಲಿಲ್ಲ. ಪುಡಿಯನ್ನೂ ಸುಮ್ನೆ ಅದಿರು ಅಂತ ಬರೆದುಕೊಟ್ಟರೆ ತೇವಾಂಶದ ಪ್ರಶ್ನೆಯೇ ಏಳದಂತೆ ದಾಟಿಹೋಗಬಹುದಿತ್ತು. ನನ್ನ ಪ್ರಕಾರ ಮಳೆಗಿಂತ ದೊಡ್ಡ ತಪ್ಪು ಇದು. ಸಂಹಿತೆ ಕಡ್ಡಾಯವಾಗಿದ್ದು 2011ರ ಜನವರಿಯಿಂದ. ಫೈನ್ಸ್‌ಗೆ ಪ್ರತ್ಯೇಕ ನಮೂದು ಕಡ್ಡಾಯವಾಗಿದ್ದು 2017ರಲ್ಲಿ.

ಹಡಗಿನ ಮೇಲೇ ಮಾಡುವ ಒಂದು ಪರೀಕ್ಷೆಯೂ ಇದೆ. ಡಬ್ಬಿಗೆ ಅರ್ಧದಷ್ಟು ಸರಕು ತುಂಬಿ, ಸುಮಾರು 20 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ 25 ಸಲ ಕುಟ್ಟುತ್ತಾರೆ. ಮೇಲೆ ನೀರು ಒಸರಿದರೆ ಅಥವಾ ಸರಕು ತೆಳ್ಳಗಾದರೆ ಲೋಡಿಂಗ್ ನಿಲ್ಲಿಸಿ ಮತ್ತೆ ಪ್ರಯೋಗಾಲಯಕ್ಕೆ ಕಳಿಸಬೇಕು. ಆದರೆ ನೀರು ಒಸರಲಿಲ್ಲ ಅಂದ ಮಾತ್ರಕ್ಕೆ ಸರಕು ಸುರಕ್ಷಿತ ಅಂತ ಅಲ್ಲ, ಮಿತಿ ದಾಟಿದ ಸರಕೂ ಇದರಲ್ಲಿ ಪಾಸಾಗಬಹುದು. ಅದಕ್ಕಿಂತ ಕ್ರೇನಿನ ಗ್ರ್ಯಾಬ್ ಹಡಗಿನ ಹೊಟ್ಟೆಗೆ, ಅಂದರೆ ಹೋಲ್ಡ್‌ಗೆ, ಸರಕು ಸುರಿಯುವಾಗ ಹೋಲ್ಡ್‌ನ ಗೋಡೆಗೆ ಕೆಸರು ಸಿಡಿಯುತ್ತಿದೆಯಾ, ಸುರಿದ ರಾಶಿ ಗೋಪುರವಾಗಿ ನಿಲ್ಲದೆ ಚಪ್ಪಟೆಯಾಗುತ್ತಿದೆಯಾ ಅಂತ ನೋಡುವ ಕಣ್ಣು ಜಾಸ್ತಿ ಹೇಳುತ್ತದೆ.

'ಸಿ' ಪಟ್ಟಿಯ ಕಥೆ ಕಬ್ಬಿಣಕ್ಕೇ ಮುಗಿಯಲಿಲ್ಲ. 2015ರ ಜನವರಿ 2ರಂದು ಮಲೇಷ್ಯಾದಿಂದ ಬಾಕ್ಸೈಟ್ ಹೊತ್ತು ಹೊರಟಿದ್ದ 'ಬಲ್ಕ್ ಜುಪಿಟರ್' ಮುಳುಗಿತು. 19 ಜನರಲ್ಲಿ ಉಳಿದದ್ದು ಅಡುಗೆಯವನೊಬ್ಬನೇ. ಬಾಕ್ಸೈಟ್ ಕೂಡ ಆಗ 'ಸಿ' ಗುಂಪಿನಲ್ಲೇ ಇತ್ತು. ಆಮೇಲೆ ನಡೆದ ಅಧ್ಯಯನದಲ್ಲಿ ಬಾಕ್ಸೈಟ್ ಇನ್ನೊಂದು ರೀತಿಯಲ್ಲೂ ಕೈಕೊಡುತ್ತದೆ ಅಂತ ಗೊತ್ತಾಯಿತು: ರಾಶಿಯೆಲ್ಲ ಕೆಸರಾಗಬೇಕಂತಿಲ್ಲ, ನೀರು ಮತ್ತು ನುಣ್ಣನೆ ಕಣ ಬೇರ್ಪಟ್ಟು ಮೇಲೆ ತಿಳಿ ಕೆಸರಿನ ಪದರ ಆಗುತ್ತದೆ, ಅದು ಹೊಯ್ದಾಡಿ ಹಡಗನ್ನು ವಾಲಿಸುತ್ತದೆ. ನುಣ್ಣನೆ ಬಾಕ್ಸೈಟ್ ಕಡ್ಡಾಯವಾಗಿ 'ಎ' ಗುಂಪಿಗೆ ಬಂದದ್ದು 2021ರಲ್ಲಿ.