ಋಣ ತೂಕದ ಸೂತ್ರಗಳು: ಬಿಂದು ಹೆಚ್ಚಿದಂತೆ ಉತ್ತರ ಕೆಡುವುದೇಕೆ?

ವಕ್ರರೇಖೆಯೊಂದರ ಕೆಳಗಿನ ವಿಸ್ತೀರ್ಣ ಬೇಕು, ಆದರೆ ಕೈಯಲ್ಲಿರುವುದು ಸಮಾನ ಅಂತರದ ಕೆಲವು ಬಿಂದುಗಳಲ್ಲಿ ಅದರ ಎತ್ತರ ಮಾತ್ರ. ಇಂಥ ಸಂದರ್ಭಕ್ಕೆ ನ್ಯೂಟನ್-ಕೋಟ್ಸ್ ಸೂತ್ರಗಳಿವೆ. ಎಲ್ಲ ಬಿಂದುಗಳ ಮೂಲಕ ಹಾಯುವ ಒಂದೇ ಬಹುಪದೋಕ್ತಿಯನ್ನು ಎಳೆದು, ಅದರ ವಿಸ್ತೀರ್ಣವನ್ನೇ ಉತ್ತರವೆಂದು ತೆಗೆದುಕೊಳ್ಳುವುದು ಇವುಗಳ ತಿರುಳು. ಎರಡು ಬಿಂದುಗಳಿಗೆ ಇದು ತ್ರಾಪಿಜ್ಯ ನಿಯಮ, ಮೂರಕ್ಕೆ ಸಿಂಪ್ಸನ್ ನಿಯಮ. ಲೆಕ್ಕ ಮಾಡುವಾಗ ಬಹುಪದೋಕ್ತಿಯನ್ನು ಬರೆಯಬೇಕಾಗಿಯೂ ಇಲ್ಲ. ಪ್ರತಿ ಎತ್ತರವನ್ನು ಅದರ ಪಾಲಿನ ತೂಕದಿಂದ ಗುಣಿಸಿ ಕೂಡಿದರೆ ಸಾಕು, ತೂಕಗಳು ಕೋಷ್ಟಕದಲ್ಲಿ ಸಿದ್ಧವಾಗಿ ಸಿಗುತ್ತವೆ.

ಎರಡಕ್ಕಿಂತ ಮೂರು ಬಿಂದು ಒಳ್ಳೆಯದಾದರೆ ಹನ್ನೊಂದು ಇನ್ನೂ ಒಳ್ಳೆಯದಾಗಬೇಕಲ್ಲವೇ? ಆಗುವುದಿಲ್ಲ. ಎಂಟು ಬಿಂದುಗಳವರೆಗೆ ತೂಕಗಳೆಲ್ಲ ಧನಾತ್ಮಕ. ಒಂಬತ್ತಕ್ಕೆ ಬಂದಾಗ ಅವು ಹೀಗಾಗುತ್ತವೆ:

```
989, 5888, -928, 10496, -4540, 10496, -928, 5888, 989
```

ಇವುಗಳ ಮೊತ್ತ 28350. ಕೂಡಿ ಬಂದದ್ದನ್ನು ಈ ಸಂಖ್ಯೆಯಿಂದ ಭಾಗಿಸಿ, ಅಂತರಾಳದ ಉದ್ದದಿಂದ ಗುಣಿಸಿದರೆ ವಿಸ್ತೀರ್ಣ ಸಿಗುತ್ತದೆ. ನಡುವಿನ −4540ನ್ನು ಒಂದು ಕ್ಷಣ ಗಮನಿಸಿ. ಮಧ್ಯಬಿಂದುವಿನಲ್ಲಿ ವಕ್ರರೇಖೆ ಮೇಲೇರಿದಷ್ಟೂ ವಿಸ್ತೀರ್ಣ ಕಡಿಮೆಯಾಗುತ್ತದೆ ಎಂದು ಈ ಸೂತ್ರ ಹೇಳುತ್ತಿದೆ! ನಡುವೆ ಮಾತ್ರ ಒಂದು ಕಿರಿದಾದ ದಿಬ್ಬವಿದ್ದು, ಉಳಿದ ಎಂಟು ಬಿಂದುಗಳಲ್ಲಿ ಸೊನ್ನೆಯಿರುವ ವಕ್ರರೇಖೆಯನ್ನು ಕೊಟ್ಟರೆ, ಅದು ಎಲ್ಲಿಯೂ ಅಕ್ಷದ ಕೆಳಗೆ ಇಳಿಯದಿದ್ದರೂ ಉತ್ತರ ಋಣಾತ್ಮಕವಾಗಿ ಬರುತ್ತದೆ. ಹತ್ತು ಬಿಂದುಗಳ ಸೂತ್ರದಲ್ಲಿ ಮತ್ತೆ ಎಲ್ಲವೂ ಧನಾತ್ಮಕ. ಹನ್ನೊಂದರಿಂದ ಮುಂದೆ ಋಣ ತೂಕವಿಲ್ಲದ ಸೂತ್ರವೇ ಇಲ್ಲ.

ಈ ಋಣ ಎಲ್ಲಿಂದ ಬಂತು? ಒಂದು ಬಿಂದುವಿನ ತೂಕವೆಂದರೆ, ಆ ಬಿಂದುವಿನಲ್ಲಿ 1 ಆಗಿ ಉಳಿದೆಲ್ಲ ಬಿಂದುಗಳಲ್ಲಿ 0 ಆಗುವ ಬಹುಪದೋಕ್ತಿಯ ವಿಸ್ತೀರ್ಣ. ನಡುವಿನ ಬಿಂದುವಿನ ಬಹುಪದೋಕ್ತಿಯು ನಡುವೆ ಸೌಮ್ಯವಾಗಿಯೇ ಇರುತ್ತದೆ. ಆದರೆ ತುದಿಗಳ ಹತ್ತಿರ, ಒಂದು ಸೊನ್ನೆಗೂ ಇನ್ನೊಂದು ಸೊನ್ನೆಗೂ ನಡುವೆ ಅದು ಭಾರಿ ಅಲೆಗಳಾಗಿ ಮೇಲೆ ಕೆಳಗೆ ಹಾರುತ್ತದೆ. ಆ ಅಲೆಗಳಲ್ಲಿ ಅಕ್ಷದ ಕೆಳಗಿನ ಪಾಲು ಮೇಲುಗೈ ಪಡೆದಾಗ ತೂಕ ಋಣವಾಗುತ್ತದೆ. ಬಿಂದುಗಳು ಹೆಚ್ಚಿದಂತೆ ಅಲೆಗಳೂ ಬೆಳೆಯುತ್ತವೆ. 1901ರಲ್ಲಿ ಕಾರ್ಲ್ ರುಂಗೆ ತೋರಿಸಿಕೊಟ್ಟದ್ದು ತುದಿಗಳ ಈ ಹೊಯ್ದಾಟವನ್ನೇ.

ರುಂಗೆಯ ಫಲನವನ್ನೇ ತೆಗೆದುಕೊಂಡು ಲೆಕ್ಕ ಹಾಕೋಣ: `f(x) = 1/(1+x²)`, −5ರಿಂದ 5ರವರೆಗೆ. ನಡುವೆ 1ರ ಎತ್ತರದ ಒಂದು ಗುಡ್ಡ, ಎರಡೂ ಕಡೆ ನಿಧಾನವಾಗಿ ಇಳಿಯುವ ಬಾಲ, ಅಷ್ಟೇ. ನಿಜವಾದ ವಿಸ್ತೀರ್ಣ 2.7468.

ಒಂಬತ್ತು ಬಿಂದುಗಳ ಸೂತ್ರದಲ್ಲಿ ಗುಡ್ಡದ ನೆತ್ತಿಯ ಕೊಡುಗೆ −1.60. ಅದರ ಅಕ್ಕಪಕ್ಕದ ಎರಡು ಬಿಂದುಗಳಿಂದ +2.89, ಉಳಿದ ಆರರಿಂದ +0.21. ಒಟ್ಟು 1.50, ಅಂದರೆ ಇರಬೇಕಾದದ್ದರ ಅರ್ಧಕ್ಕಿಂತ ತುಸು ಹೆಚ್ಚು. ಹನ್ನೊಂದು ಬಿಂದುಗಳಿಗೆ ಹೋದರೆ ಚಿತ್ರ ತಲೆಕೆಳಗಾಗುತ್ತದೆ. ಈಗ ನೆತ್ತಿಯೊಂದರಿಂದಲೇ +7.14, ಅಕ್ಕಪಕ್ಕದವುಗಳಿಂದ −4.35, ಉಳಿದವುಗಳಿಂದ +1.89. ಉತ್ತರ 4.67. ಬಿಂದು ಹೆಚ್ಚಿಸಿದ್ದಕ್ಕೆ ಸಿಕ್ಕಿದ್ದು ಶೇಕಡಾ 70ರಷ್ಟು ತಪ್ಪು. ದೊಡ್ಡ ಸಂಖ್ಯೆಯಿಂದ ದೊಡ್ಡ ಸಂಖ್ಯೆಯನ್ನು ಕಳೆದು ಸಣ್ಣ ಉತ್ತರ ಹುಡುಕುವ ಈ ರೀತಿಯೇ ಅಪಾಯದ ಗುರುತು.

ಅದೇ ಹನ್ನೊಂದು ಎತ್ತರಗಳನ್ನು ಜೋಡಿ ಜೋಡಿಯಾಗಿ ತೆಗೆದುಕೊಂಡು, ಹತ್ತು ಪುಟ್ಟ ತ್ರಾಪಿಜ್ಯಗಳನ್ನು ಕೂಡಿದರೆ 2.7561 ಬರುತ್ತದೆ. ಹೊಸ ಮಾಹಿತಿ ಏನೂ ಸೇರಲಿಲ್ಲ, ಆದರೂ ತಪ್ಪು 1.93ರಿಂದ 0.0093ಕ್ಕೆ ಇಳಿಯಿತು.

ಸಿಂಪ್ಸನ್ ನಿಯಮವನ್ನು ತುಂಡು ತುಂಡಾಗಿ ಹಾಕಿದರೆ ಇದೇ ಬಿಂದುಗಳಿಂದ 2.849 ಸಿಗುತ್ತದೆ. ಇದು ತ್ರಾಪಿಜ್ಯಕ್ಕಿಂತ ಕಳಪೆ ಎಂಬುದನ್ನು ಮುಚ್ಚಿಡಬೇಕಿಲ್ಲ. ಹೆಜ್ಜೆಯ ಉದ್ದ 1 ಇರುವಾಗ ಗುಡ್ಡದ ನೆತ್ತಿಯ ಬಾಗು ಒಂದು ಪರವಲಯದ ಹಿಡಿತಕ್ಕೆ ಸಿಗುವುದಿಲ್ಲ. ಆದರೆ ಹೆಜ್ಜೆಯನ್ನು ಅರ್ಧ ಮಾಡಿ 21 ಬಿಂದುಗಳಿಗೆ ಹೋದರೆ 2.7429, ಮತ್ತೊಮ್ಮೆ ಅರ್ಧ ಮಾಡಿ 41ಕ್ಕೆ ಹೋದರೆ 2.74679. ತಪ್ಪು 0.00001ಕ್ಕಿಂತಲೂ ಕಡಿಮೆ. ತುಂಡು ಚಿಕ್ಕದಾದಷ್ಟೂ ಅದರೊಳಗಿನ ವಕ್ರರೇಖೆ ಪರವಲಯಕ್ಕೆ ಹತ್ತಿರವಾಗುತ್ತದೆ, ಮತ್ತು ನೆತ್ತಿಯ ಬಳಿ ಆದ ತಪ್ಪು ಅಲ್ಲೇ ಉಳಿಯುತ್ತದೆ. ಒಂದೇ ಬಹುಪದೋಕ್ತಿಯಲ್ಲಿ ಹಾಗಲ್ಲ, ನಡುವಿನ ಒಂದು ತೊಡಕು ತುದಿಯವರೆಗೂ ಹಬ್ಬುತ್ತದೆ.

ವಕ್ರರೇಖೆ ಎಷ್ಟೇ ನಯವಾಗಿದ್ದರೂ ಬಿಡದ ಇನ್ನೊಂದು ತೊಂದರೆಯಿದೆ. ಅಳತೆಯಲ್ಲಿ ಸಣ್ಣಪುಟ್ಟ ತಪ್ಪು ಇದ್ದೇ ಇರುತ್ತದೆ. ತೂಕಗಳ ಮೊತ್ತವನ್ನು 1ಕ್ಕೆ ಹೊಂದಿಸಿಕೊಂಡಾಗ ಎಲ್ಲವೂ ಧನಾತ್ಮಕವಾಗಿದ್ದರೆ, ಆ ತಪ್ಪುಗಳ ಸರಾಸರಿ ಯಾವುದೇ ಒಂದು ತಪ್ಪಿನ ಗರಿಷ್ಠ ಮಿತಿಯನ್ನು ಮೀರಲಾರದು. ಋಣ ತೂಕಗಳಿದ್ದರೆ ಚಿಹ್ನೆ ಬಿಟ್ಟು ಕೂಡಿದ ಮೊತ್ತವೇ ತಪ್ಪನ್ನು ಎಷ್ಟು ಪಟ್ಟು ಹಿಗ್ಗಿಸಬಹುದೆಂದು ಹೇಳುತ್ತದೆ. ಒಂಬತ್ತು ಬಿಂದುಗಳಿಗೆ ಅದು 1.45, ಹನ್ನೊಂದಕ್ಕೆ 3.06. ಮುಂದೆ ಇದು ಪ್ರತಿ ಹೊಸ ಬಿಂದುವಿಗೆ ಹೆಚ್ಚುಕಡಿಮೆ ದುಪ್ಪಟ್ಟಾಗುವತ್ತ ಸಾಗುತ್ತದೆ. ಬಿಂದುಗಳು ಐವತ್ತಾಗುವಷ್ಟರಲ್ಲಿ ಕಂಪ್ಯೂಟರಿನ ಹದಿನಾರು ಅಂಕಿಗಳ ನಿಖರತೆಯಲ್ಲಿ ಅರ್ಧಕ್ಕಿಂತ ಹೆಚ್ಚು ಇದರಲ್ಲೇ ಕರಗಿಹೋಗಿರುತ್ತದೆ. 1933ರಲ್ಲಿ ಜಾರ್ಜ್ ಪೋಲ್ಯಾ ಈ ಮಾತನ್ನು ಪ್ರಮೇಯವಾಗಿಯೇ ಸಾಧಿಸಿದರು: ಈ ಮೊತ್ತ ಮಿತಿಯಿಲ್ಲದೆ ಬೆಳೆಯುವ ಸೂತ್ರಗಳ ಸಾಲು ಎಲ್ಲ ನಿರಂತರ ಫಲನಗಳಿಗೂ ಸರಿಯಾದ ಉತ್ತರದತ್ತ ಸಾಗಲಾರದು.

ಯಾವುದೇ ಸೂತ್ರವನ್ನು ಬಳಸುವ ಮೊದಲು ಈ ಸಂಖ್ಯೆಯನ್ನು ನೋಡಿಕೊಳ್ಳಬಹುದು. ಪೈಥಾನಿನಲ್ಲಿ ಮೂರೇ ಸಾಲು:

```python
from scipy.integrate import newton_cotes
w, B = newton_cotes(10, 1)
print(abs(w).sum() / 10)
```

ಇಲ್ಲಿ 10 ಎಂಬುದು ವಿಭಾಗಗಳ ಸಂಖ್ಯೆ, ಬಿಂದುಗಳು ಹನ್ನೊಂದು. ಉತ್ತರ 1 ಬಂದರೆ ನಿಶ್ಚಿಂತೆ. ಅದಕ್ಕಿಂತ ಹೆಚ್ಚಾದರೆ ಋಣ ತೂಕಗಳಿವೆ ಎಂದರ್ಥ.

ದೋಷ ಹೆಚ್ಚಿನ ಘಾತದ್ದಲ್ಲ, ಸಮಾನ ಅಂತರದ್ದು. ಬಿಂದುಗಳನ್ನು ನಾವೇ ಆರಿಸಿಕೊಳ್ಳುವ ಸ್ವಾತಂತ್ರ್ಯವಿದ್ದರೆ ಗಾಸ್ ಸೂತ್ರಗಳು ಅವನ್ನು ತುದಿಗಳ ಕಡೆ ಒತ್ತಾಗಿ ಇಡುತ್ತವೆ, ಆಗ ಎಷ್ಟು ಬಿಂದುಗಳಿದ್ದರೂ ತೂಕಗಳು ಧನಾತ್ಮಕವೇ. ಹಾಗೆಯೇ `eˣ`ನಂಥ ಬಹಳ ನಯವಾದ ಫಲನಕ್ಕೆ ಒಂಬತ್ತು ಬಿಂದುಗಳ ಸೂತ್ರವೂ ಚೆನ್ನಾಗಿಯೇ ನಡೆಯುತ್ತದೆ. ಆದರೆ ಉಪಕರಣವೊಂದು ಸೆಕೆಂಡಿಗೊಮ್ಮೆ ದಾಖಲಿಸಿದ ಅಳತೆಗಳು ಕೈಗೆ ಬಂದಾಗ ಬಿಂದುಗಳನ್ನು ಆರಿಸುವ ಅವಕಾಶವೂ ಇರುವುದಿಲ್ಲ, ವಕ್ರರೇಖೆ ಎಷ್ಟು ನಯವೆಂಬ ಖಾತ್ರಿಯೂ ಇರುವುದಿಲ್ಲ.

ಅಂಥಲ್ಲಿ ತುಂಡು ತುಂಡಾಗಿ ಸಿಂಪ್ಸನ್ ಹಾಕುವುದೇ ಸರಿ. ಮೊದಲು ಒಂದು ಬಿಟ್ಟು ಒಂದು ಬಿಂದುವಿನಿಂದ, ಆಮೇಲೆ ಎಲ್ಲ ಬಿಂದುಗಳಿಂದ ಲೆಕ್ಕ ಹಾಕಿ ಹೋಲಿಸಿ. ಹೆಜ್ಜೆ ಸಾಕಷ್ಟು ಚಿಕ್ಕದಿದ್ದು ಫಲನ ನಯವಾಗಿದ್ದರೆ, ಹೆಜ್ಜೆ ಅರ್ಧವಾದಾಗ ತಪ್ಪು ಸುಮಾರು ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಆದ್ದರಿಂದ ಎರಡು ಉತ್ತರಗಳ ವ್ಯತ್ಯಾಸವನ್ನು 15ರಿಂದ ಭಾಗಿಸಿದರೆ ಉಳಿದಿರುವ ತಪ್ಪಿನ ಅಂದಾಜು ಸಿಗುತ್ತದೆ. ಸಿಂಪ್ಸನ್‌ಗೆ ವಿಭಾಗಗಳ ಸಂಖ್ಯೆ ಸಮವಾಗಿರಬೇಕು. ಬೆಸವಾಗಿದ್ದರೆ ಕೊನೆಯ ಮೂರು ವಿಭಾಗಗಳಿಗೆ 3/8 ನಿಯಮವನ್ನು ಹಾಕಿ. ಅದರ ತೂಕಗಳು 1, 3, 3, 1. ಕೂಡಿದ್ದನ್ನು ಹೆಜ್ಜೆಯ ಉದ್ದದ 3/8ರಿಂದ ಗುಣಿಸಬೇಕು.