ಮಾಸಿಕ ಮಾರಾಟದ ರೇಖಾನಕ್ಷೆಯ ಸ್ಕ್ರೀನ್‌ಶಾಟ್‌ನಿಂದ ತ್ರೈಮಾಸಿಕ ಬೆಳವಣಿಗೆಯನ್ನು ಅಂದಾಜಿಸುವುದು

ಅಂಕಿಗಳ ಪಟ್ಟಿ ಕೈಯಲ್ಲಿಲ್ಲದೆ ಬರೀ ನಕ್ಷೆಯ ಚಿತ್ರ ಮಾತ್ರ ಸಿಕ್ಕಾಗ, ಒಂದು ತ್ರೈಮಾಸಿಕದಿಂದ ಇನ್ನೊಂದಕ್ಕೆ ಮಾರಾಟ ಶೇಕಡಾ ಎಷ್ಟು ಬೆಳೆಯಿತು ಎಂಬುದನ್ನು ಹೇಗೆ ಅಂದಾಜಿಸಬೇಕು ಎಂಬುದನ್ನು ಈ ಟಿಪ್ಪಣಿಯಲ್ಲಿ ಒಂದೇ ಉದಾಹರಣೆಯ ಮೂಲಕ ವಿವರಿಸಿದ್ದೇನೆ. ಉದಾಹರಣೆಯ ನಕ್ಷೆಯನ್ನು ಅಭ್ಯಾಸಕ್ಕಾಗಿ ನಾನೇ ಎಕ್ಸೆಲ್‌ನಲ್ಲಿ ತಯಾರಿಸಿ, ಅದರ ಸ್ಕ್ರೀನ್‌ಶಾಟ್ ತೆಗೆದುಕೊಂಡು, ಅಂಕಿಗಳಿದ್ದ ಹಾಳೆಯನ್ನು ಮುಚ್ಚಿಟ್ಟು ಓದಿದೆ. ಹೀಗೆ ಮಾಡಿದರೆ ನಮ್ಮ ಅಂದಾಜು ನಿಜಕ್ಕೆ ಎಷ್ಟು ಹತ್ತಿರ ಬಂತು ಎಂಬುದನ್ನು ಕೊನೆಯಲ್ಲಿ ತಾಳೆ ನೋಡಬಹುದು.

ನಕ್ಷೆಯಲ್ಲಿ ಒಂದು ಬಟ್ಟೆ ಅಂಗಡಿಯ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಮಾರಾಟವಿದೆ ಎಂದು ಕಲ್ಪಿಸಿಕೊಳ್ಳಿ. ಲಂಬ ಅಕ್ಷದ ಮೇಲೆ 40, 50, 60, 70, 80 ಎಂಬ ಅಂಕಿಗಳಿವೆ; ಪಕ್ಕದಲ್ಲಿ ‘ಲಕ್ಷ ರೂಪಾಯಿಗಳಲ್ಲಿ’ ಎಂದು ಬರೆದಿದೆ. ಅಡ್ಡ ಅಕ್ಷದಲ್ಲಿ ಆರು ತಿಂಗಳ ಹೆಸರುಗಳಿವೆ. ನಮ್ಮಲ್ಲಿ ಹಣಕಾಸು ವರ್ಷ ಏಪ್ರಿಲ್ 1ಕ್ಕೆ ಆರಂಭವಾಗುವುದರಿಂದ ಏಪ್ರಿಲ್, ಮೇ, ಜೂನ್ ಸೇರಿ ಮೊದಲ ತ್ರೈಮಾಸಿಕ. ಜುಲೈ, ಆಗಸ್ಟ್, ಸೆಪ್ಟೆಂಬರ್ ಸೇರಿ ಎರಡನೆಯದು. ನಕ್ಷೆ ಕ್ಯಾಲೆಂಡರ್ ವರ್ಷವನ್ನು ಅನುಸರಿಸುವ ಸಂಸ್ಥೆಯದ್ದಾಗಿದ್ದರೆ ಇದೇ ಏಪ್ರಿಲ್–ಜೂನ್ ಎರಡನೆಯ ತ್ರೈಮಾಸಿಕವಾಗುತ್ತದೆ. ಆದ್ದರಿಂದ ‘ಮೊದಲನೆಯದು’, ‘ಎರಡನೆಯದು’ ಎಂಬ ಮಾತಿಗಿಂತ ತಿಂಗಳ ಹೆಸರುಗಳನ್ನೇ ಬರೆದುಕೊಳ್ಳುವುದು ಕ್ಷೇಮ.

ಓದಲು ಕುಳಿತಾಗ ಕಣ್ಣು ಮೊದಲು ಏರುತ್ತಿರುವ ರೇಖೆಯ ಕಡೆಗೆ ಹೋಗುತ್ತದೆ. ಅದನ್ನು ತಡೆದು, ಮೊದಲು ಲಂಬ ಅಕ್ಷದ ಅತ್ಯಂತ ಕೆಳಗಿನ ಅಂಕಿಯನ್ನು ಓದಬೇಕು. ಇಲ್ಲಿ ಅದು ಸೊನ್ನೆಯಲ್ಲ, 40. ಅಂದರೆ ನಕ್ಷೆಯ ತಳದ ಕೆಳಗೆ ಕಣ್ಣಿಗೆ ಕಾಣದ 40 ಲಕ್ಷ ರೂಪಾಯಿಗಳು ಪ್ರತಿ ತಿಂಗಳ ಮಾರಾಟದಲ್ಲೂ ಅಡಗಿವೆ. ನಂತರ ಅಂಕಿಗಳ ನಡುವಿನ ಅಂತರ ಒಂದೇ ಸಮನಾಗಿದೆಯೇ ಎಂದು ನೋಡಬೇಕು. ಸಮಾನ ಅಂತರಗಳಲ್ಲಿ 10, 100, 1000 ಎಂದು ಬರೆದಿದ್ದರೆ ಅದು ಲಾಗರಿದಮ್ ಅಕ್ಷ. ಮುಂದೆ ಹೇಳುವ ಲೆಕ್ಕ ಅದಕ್ಕೆ ಹೊಂದುವುದಿಲ್ಲ. ನಮ್ಮ ನಕ್ಷೆಯಲ್ಲಿ ಪ್ರತಿ ಹಂತವೂ 10 ಲಕ್ಷವೇ ಆಗಿದೆ.

ಈಗ ಚಿತ್ರವನ್ನು ಪಿಕ್ಸೆಲ್‌ಗಳ ಅಳತೆಪಟ್ಟಿಯಾಗಿ ಬಳಸೋಣ. ವಿಂಡೋಸ್‌ನ ಪೇಂಟ್‌ನಲ್ಲಿ ಚಿತ್ರವನ್ನು ತೆರೆದು ಕರ್ಸರನ್ನು ಅದರ ಮೇಲೆ ಇಟ್ಟರೆ ಕೆಳಗಿನ ಪಟ್ಟಿಯಲ್ಲಿ ಎರಡು ಅಂಕಿಗಳು ಕಾಣಿಸುತ್ತವೆ. ಎರಡನೆಯದು ಕರ್ಸರ್ ಮೇಲಿನಿಂದ ಎಷ್ಟನೆಯ ಸಾಲಿನಲ್ಲಿದೆ ಎಂಬುದನ್ನು ಹೇಳುತ್ತದೆ. ಸಾಲುಗಳ ಎಣಿಕೆ ಮೇಲಿನಿಂದ ಕೆಳಕ್ಕೆ ಸಾಗುವುದರಿಂದ, ಮಾರಾಟ ಹೆಚ್ಚಾದಂತೆ ಸಾಲಿನ ಸಂಖ್ಯೆ ಕಡಿಮೆಯಾಗುತ್ತದೆ. ಈ ತಿರುವುಮುರುವನ್ನು ಮರೆತರೆ ಲೆಕ್ಕದಲ್ಲಿ ಏರಿಕೆಯೆಲ್ಲ ಇಳಿಕೆಯಾಗಿ ಬರುತ್ತದೆ. ನನ್ನ ಚಿತ್ರದಲ್ಲಿ 40ರ ಅಡ್ಡಗೆರೆ 572ನೆಯ ಸಾಲಿನಲ್ಲೂ 80ರ ಅಡ್ಡಗೆರೆ 172ನೆಯ ಸಾಲಿನಲ್ಲೂ ಇದ್ದವು. ನಡುವೆ 400 ಪಿಕ್ಸೆಲ್, ಬೆಲೆಯಲ್ಲಿ 40 ಲಕ್ಷ; ಆದ್ದರಿಂದ 10 ಪಿಕ್ಸೆಲ್‌ಗೆ 1 ಲಕ್ಷ. 60ರ ಗೆರೆ ಸರಿಯಾಗಿ ಮಧ್ಯದಲ್ಲಿ, ಅಂದರೆ 372ರಲ್ಲಿ ಇದೆಯೇ ಎಂದು ನೋಡಿ ಈ ಅಳತೆಯನ್ನು ಖಚಿತಪಡಿಸಿಕೊಂಡೆ. ಸೂತ್ರ ಹೀಗಾಗುತ್ತದೆ:

```
ಮಾರಾಟ (ಲಕ್ಷ ರೂ.) = 40 + (572 − ಬಿಂದುವಿನ ಸಾಲು) ÷ 10
```

ಅಳತೆ ಸಿಗಲು ಅಕ್ಷದ ಎರಡು ಅಂಕಿಗಳು ಬೇಕೇ ಬೇಕು, ಮತ್ತು ಅವು ಒಂದರಿಂದೊಂದು ಆದಷ್ಟು ದೂರ ಇರಬೇಕು. 40 ಮತ್ತು 50ರ ಗೆರೆಗಳನ್ನು ಮಾತ್ರ ಹಿಡಿದು ಅಳೆದಾಗ 2 ಪಿಕ್ಸೆಲ್ ತಪ್ಪಿದರೆ ಅಳತೆ ಶೇ 2ರಷ್ಟು ತಪ್ಪುತ್ತದೆ; 40 ಮತ್ತು 80ನ್ನು ಹಿಡಿದಾಗ ಅದೇ ತಪ್ಪು ಶೇ ಅರ್ಧಕ್ಕೆ ಇಳಿಯುತ್ತದೆ. ಸ್ಕ್ರೀನ್‌ಶಾಟನ್ನು ಯಾರೋ ಕುಗ್ಗಿಸಿ ಅಥವಾ ಹಿಗ್ಗಿಸಿ ಕಳುಹಿಸಿದ್ದರೂ ಚಿಂತೆಯಿಲ್ಲ, ಏಕೆಂದರೆ ಅಕ್ಷ ಮತ್ತು ರೇಖೆ ಎರಡೂ ಒಂದೇ ಪ್ರಮಾಣದಲ್ಲಿ ಬದಲಾಗಿರುತ್ತವೆ. ಕಂಪ್ಯೂಟರ್ ಪರದೆಯನ್ನು ಓರೆಯಾಗಿ ನಿಂತು ಮೊಬೈಲಿನಲ್ಲಿ ತೆಗೆದ ಫೋಟೊ ಮಾತ್ರ ಬೇರೆಯ ಮಾತು. ಅದರಲ್ಲಿ ಎಡಗಡೆಯ 10 ಲಕ್ಷದ ಎತ್ತರಕ್ಕೂ ಬಲಗಡೆಯ 10 ಲಕ್ಷದ ಎತ್ತರಕ್ಕೂ ವ್ಯತ್ಯಾಸ ಬರುತ್ತದೆ. ಒಂದೇ ಅಡ್ಡಗೆರೆಯ ಎರಡು ತುದಿಗಳ ಸಾಲಿನ ಸಂಖ್ಯೆ ಒಂದೇ ಆಗಿದೆಯೇ ಎಂದು ನೋಡಿದರೆ ಇದು ಸಾಮಾನ್ಯವಾಗಿ ಪತ್ತೆಯಾಗುತ್ತದೆ.

ಬಿಂದುಗಳನ್ನು ಎಲ್ಲಿ ಓದಬೇಕು ಎಂಬ ಪ್ರಶ್ನೆಯೂ ಇದೆ. ಎಕ್ಸೆಲ್ ತಾನಾಗಿ ಬಿಡಿಸುವ ರೇಖಾನಕ್ಷೆಯಲ್ಲಿ ತಿಂಗಳ ಬಿಂದು ಅಡ್ಡ ಅಕ್ಷದ ಸಣ್ಣ ಗೀಟುಗಳ ಮೇಲೆ ಬರುವುದಿಲ್ಲ; ಎರಡು ಗೀಟುಗಳ ನಡುವೆ, ತಿಂಗಳ ಹೆಸರಿನ ನೇರ ಮೇಲೆ ಬರುತ್ತದೆ. ಗೀಟಿನಿಂದ ಲಂಬವಾಗಿ ಮೇಲೆ ಹೋದರೆ ಆಗಸ್ಟ್ ಮತ್ತು ಸೆಪ್ಟೆಂಬರ್‌ಗಳ ನಡುವಿನ, ಯಾವ ತಿಂಗಳಿಗೂ ಸೇರದ ಒಂದು ಬೆಲೆ ಸಿಗುತ್ತದೆ. ರೇಖೆಯನ್ನು ನಯವಾದ ವಕ್ರರೇಖೆಯಾಗಿ ಬಿಡಿಸಿದ್ದರೂ ಇದೇ ಎಚ್ಚರ ಬೇಕು: ಅದು ಬಿಂದುಗಳ ಮೂಲಕ ಹಾದುಹೋಗುತ್ತದಾದರೂ ಅವುಗಳ ನಡುವೆ ನಿಜವಾದ ಬೆಲೆಗಿಂತ ಮೇಲಕ್ಕೆ ಅಥವಾ ಕೆಳಕ್ಕೆ ಉಬ್ಬಬಹುದು. ರೇಖೆಗೂ ಗುರುತಿಗೂ ಕೆಲವು ಪಿಕ್ಸೆಲ್‌ಗಳ ದಪ್ಪವಿರುವುದರಿಂದ, ಪ್ರತಿ ಬಾರಿಯೂ ಗುರುತಿನ ಮಧ್ಯಭಾಗವನ್ನೇ ಓದಬೇಕು.

ಹೀಗೆ ಓದಿದಾಗ ಏಪ್ರಿಲ್ 452, ಮೇ 424, ಜೂನ್ 440ನೆಯ ಸಾಲಿನಲ್ಲಿ ಸಿಕ್ಕವು. ಸೂತ್ರಕ್ಕೆ ಹಾಕಿದರೆ ಕ್ರಮವಾಗಿ 52.0, 54.8, 53.2 ಲಕ್ಷ, ಒಟ್ಟು 160.0 ಲಕ್ಷ. ಜುಲೈ 410, ಆಗಸ್ಟ್ 372, ಸೆಪ್ಟೆಂಬರ್ 314ನೆಯ ಸಾಲು, ಅಂದರೆ 56.2, 60.0, 65.8 ಲಕ್ಷ, ಒಟ್ಟು 182.0 ಲಕ್ಷ. ಆಗಸ್ಟ್‌ನ ಬಿಂದು 60ರ ಗೆರೆಯ ಮೇಲೆಯೇ ಕುಳಿತಿರುವುದು ಕಣ್ಣಿಗೂ ಕಾಣುವುದರಿಂದ ಸೂತ್ರ ಸರಿಯಾಗಿದೆ ಎಂಬುದಕ್ಕೆ ಅದೇ ಸಾಕ್ಷಿ.

```
(182.0 − 160.0) ÷ 160.0 × 100 = 13.75
```

ಈ ಉತ್ತರವನ್ನು ಬೇರೆ ದಾರಿಯಲ್ಲಿ ಬರುವ ಎರಡು ತಪ್ಪು ಉತ್ತರಗಳ ಪಕ್ಕದಲ್ಲಿಟ್ಟು ನೋಡಿದರೆ ಲೆಕ್ಕದ ತಿರುಳು ಅರ್ಥವಾಗುತ್ತದೆ. ಮೊದಲ ತಪ್ಪು, ಕಾಣುವ ಎತ್ತರಗಳನ್ನೇ ಹೋಲಿಸುವುದು. ತಳದ ಗೆರೆಯಿಂದ ಮೇಲೆ ಮೊದಲ ಮೂರು ಬಿಂದುಗಳ ಎತ್ತರ ಒಟ್ಟು 400 ಪಿಕ್ಸೆಲ್, ಮುಂದಿನ ಮೂರರದ್ದು 620 ಪಿಕ್ಸೆಲ್. 400ರಿಂದ 620ಕ್ಕೆ ಹೋದರೆ ಶೇ 55ರ ಏರಿಕೆ! ನಕ್ಷೆಯನ್ನು ನೋಡಿದ ಕೂಡಲೇ ‘ಮಾರಾಟ ಒಂದೂವರೆ ಪಟ್ಟಾಯಿತು’ ಎನ್ನಿಸುವುದು ಇದರಿಂದಲೇ. ಇಲ್ಲಿ ಸೂಕ್ಷ್ಮವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಎತ್ತರಗಳ ವ್ಯತ್ಯಾಸವಾದ 220 ಪಿಕ್ಸೆಲ್, ಅಂದರೆ 22 ಲಕ್ಷ, ಪೂರ್ಣವಾಗಿ ಸರಿಯಾಗಿಯೇ ಇದೆ. ಅಕ್ಷ 40ರಿಂದ ಆರಂಭವಾದರೂ ಸೊನ್ನೆಯಿಂದ ಆರಂಭವಾದರೂ ರೂಪಾಯಿಗಳಲ್ಲಿ ಆದ ಹೆಚ್ಚಳ ಬದಲಾಗುವುದಿಲ್ಲ. ತಪ್ಪಿರುವುದು ಭಾಗಿಸುವ ಸಂಖ್ಯೆ: 160ರಿಂದ ಭಾಗಿಸಬೇಕಾದಲ್ಲಿ, ತಳದ ಕೆಳಗೆ ಅಡಗಿದ ಮೂರು ತಿಂಗಳ 120 ಲಕ್ಷವನ್ನು ಬಿಟ್ಟು, 40ರಿಂದ ಭಾಗಿಸಿದ್ದೇವೆ. ಆದ್ದರಿಂದ ಅಕ್ಷದ ಅಂಕಿಗಳೇ ಕತ್ತರಿಸಿಹೋದ ಸ್ಕ್ರೀನ್‌ಶಾಟ್ ಸಿಕ್ಕರೆ ಶೇಕಡಾವಾರು ಬೆಳವಣಿಗೆಯನ್ನು ಅಂದಾಜಿಸಲು ದಾರಿಯಿಲ್ಲ. ಗೆರೆಯೊಂದಕ್ಕೆ ಎಷ್ಟು ಲಕ್ಷ ಎಂದು ಬಲ್ಲವರಿಂದ ತಿಳಿದುಕೊಂಡರೂ ಹೆಚ್ಚಳ ರೂಪಾಯಿಗಳಲ್ಲಿ ಮಾತ್ರ ಸಿಗುತ್ತದೆ; ಶೇಕಡಾ ಸಿಗಬೇಕಾದರೆ ತಳದ ಬೆಲೆಯೂ ಬೇಕು.

ಎರಡನೆಯ ತಪ್ಪು, ತ್ರೈಮಾಸಿಕದ ಕೊನೆಯ ತಿಂಗಳುಗಳನ್ನು ಮಾತ್ರ ಹೋಲಿಸುವುದು. ಜೂನ್‌ನ 53.2 ಲಕ್ಷದಿಂದ ಸೆಪ್ಟೆಂಬರ್‌ನ 65.8 ಲಕ್ಷಕ್ಕೆ ಶೇ 23.7ರ ಏರಿಕೆಯಾಗಿದೆ. ಲೆಕ್ಕದಲ್ಲಿ ತಪ್ಪಿಲ್ಲ, ಆದರೆ ಕೇಳಿದ ಪ್ರಶ್ನೆಗೆ ಇದು ಉತ್ತರವಲ್ಲ. ಬ್ಯಾಂಕಿನ ಠೇವಣಿಯಂತೆ ಆಯಾ ದಿನದ ಕೊನೆಗೆ ಉಳಿದ ಮೊತ್ತವನ್ನು ತೋರಿಸುವ ನಕ್ಷೆಯಾಗಿದ್ದರೆ ಜೂನ್ ಕೊನೆಯನ್ನು ಸೆಪ್ಟೆಂಬರ್ ಕೊನೆಯೊಂದಿಗೆ ಹೋಲಿಸುವುದೇ ಸರಿ. ಮಾರಾಟ ಹಾಗಲ್ಲ, ಅದು ತಿಂಗಳುಪೂರ್ತಿ ಹರಿದು ಬಂದ ಹಣ, ಆದ್ದರಿಂದ ಮೂರು ತಿಂಗಳನ್ನೂ ಕೂಡಿಸಲೇಬೇಕು. ನಮ್ಮ ನಕ್ಷೆಯಲ್ಲಿ ಜುಲೈ ಸಪ್ಪೆಯಾಗಿಯೂ ಸೆಪ್ಟೆಂಬರ್ ಜೋರಾಗಿಯೂ ಇರುವುದರಿಂದ ಕೊನೆಯ ತಿಂಗಳ ಹೋಲಿಕೆ ಬೆಳವಣಿಗೆಯನ್ನು ಬಹಳ ಹಿಗ್ಗಿಸಿ ತೋರಿಸುತ್ತದೆ. ಬಟ್ಟೆ ವ್ಯಾಪಾರದಲ್ಲಿ ಆಷಾಢದ ತಿಂಗಳು ಒಂದು ಬಗೆ, ಗೌರಿ-ಗಣೇಶ ಹಬ್ಬದ ತಿಂಗಳು ಇನ್ನೊಂದು ಬಗೆ. ಆದ್ದರಿಂದ ಈ ಶೇ 13.75ರಲ್ಲಿ ಹಬ್ಬದ ಪಾಲೆಷ್ಟು ಎಂದು ತಿಳಿಯಬೇಕಾದರೆ ಹಿಂದಿನ ವರ್ಷದ ಅದೇ ತಿಂಗಳುಗಳ ರೇಖೆ ಬೇಕು. ಆರು ತಿಂಗಳ ಈ ನಕ್ಷೆಯಿಂದ ಅದನ್ನು ಹೇಳಲಾಗದು.

ಇನ್ನು ನಮ್ಮ ಓದಿನಲ್ಲಿರಬಹುದಾದ ತಪ್ಪಿನ ಪ್ರಮಾಣ. ಪ್ರತಿ ಬಿಂದುವಿನಲ್ಲಿ ಮೇಲೆ ಅಥವಾ ಕೆಳಗೆ 2 ಪಿಕ್ಸೆಲ್, ಅಂದರೆ 0.2 ಲಕ್ಷ ತಪ್ಪಿರಬಹುದು ಎಂದು ಇಟ್ಟುಕೊಳ್ಳೋಣ. ಮೂರು ಬಿಂದುಗಳ ಮೊತ್ತದಲ್ಲಿ ಅದು ಹೆಚ್ಚೆಂದರೆ 0.6 ಲಕ್ಷ. ಅತ್ಯಂತ ಪ್ರತಿಕೂಲ ಸಂದರ್ಭವನ್ನು, ಅಂದರೆ ಮೊದಲ ಮೊತ್ತ ನಿಜವಾಗಿ 160.6 ಆಗಿ ಎರಡನೆಯದು 181.4 ಆಗಿರುವುದನ್ನು ಊಹಿಸಿದರೆ ಬೆಳವಣಿಗೆ ಸುಮಾರು ಶೇ 13.0, ಅದಕ್ಕೆ ವಿರುದ್ಧವಾದ ಸಂದರ್ಭದಲ್ಲಿ, 159.4ರಿಂದ 182.6ಕ್ಕೆ ಹೋದರೆ ಸುಮಾರು ಶೇ 14.6. ಆದ್ದರಿಂದ ಉತ್ತರವನ್ನು ‘ಶೇ 13.75’ ಎಂದು ಬರೆಯುವುದು ನಮಗೆ ಇಲ್ಲದ ನಿಖರತೆಯನ್ನು ಇದೆಯೆಂದು ತೋರಿಸಿದಂತೆ. ‘ಸುಮಾರು ಶೇ 14, ಶೇ 13ರಿಂದ 14.6ರ ನಡುವೆ’ ಎಂದು ಬರೆಯಬೇಕು. ಅಡ್ಡಗೆರೆಯನ್ನೇ 2 ಪಿಕ್ಸೆಲ್ ತಪ್ಪಾಗಿ ಓದಿ, ಆರೂ ಬೆಲೆಗಳು ಒಂದೇ ದಿಕ್ಕಿಗೆ 0.2 ಲಕ್ಷ ಸರಿದರೆ ಎರಡೂ ಮೊತ್ತಗಳು ಒಟ್ಟಿಗೇ ಏರುವುದರಿಂದ ಉತ್ತರ ಶೇ 13.75ರಿಂದ 13.70ಕ್ಕೆ ಮಾತ್ರ ಬದಲಾಗುತ್ತದೆ. ಅನುಪಾತದಲ್ಲಿ ಸಮಾನ ತಪ್ಪುಗಳು ಬಹುಪಾಲು ಒಂದನ್ನೊಂದು ಅಳಿಸಿಹಾಕುತ್ತವೆ. ಬಿಡಿ ಬಿಡಿ ಬಿಂದುಗಳ ತಪ್ಪುಗಳಿಗೆ ಹಾಗಾಗುವ ಭರವಸೆಯಿಲ್ಲ.

ಮುಚ್ಚಿಟ್ಟ ಹಾಳೆಯನ್ನು ತೆರೆದು ನೋಡಿದಾಗ ನಿಜವಾದ ಅಂಕಿಗಳು 52.1, 54.7, 53.4 ಹಾಗೂ 56.1, 60.2, 65.7 ಆಗಿದ್ದವು. ಮೊತ್ತಗಳು 160.2 ಮತ್ತು 182.0; ಬೆಳವಣಿಗೆ ಶೇ 13.6. ಯಾವ ತಿಂಗಳಲ್ಲೂ ತಪ್ಪು 0.2 ಲಕ್ಷವನ್ನು ಮೀರಿರಲಿಲ್ಲ.

ಪಿಕ್ಸೆಲ್ ಎಣಿಸದೆ, ಪರೀಕ್ಷೆಯ ಕೊಠಡಿಯಲ್ಲಿರುವಂತೆ ಕಣ್ಣಳತೆಯಿಂದಲೇ ಓದಬೇಕಾದರೆ 10 ಲಕ್ಷದ ಗೆರೆಗಳ ನಡುವೆ ಸುಮಾರು 1 ಲಕ್ಷದವರೆಗೆ ತಪ್ಪಬಹುದು. ಆಗ ಪ್ರತಿ ಮೊತ್ತದಲ್ಲಿ 3 ಲಕ್ಷದವರೆಗೆ ವ್ಯತ್ಯಾಸ ಬಂದು, ಇದೇ ನಕ್ಷೆಗೆ ಉತ್ತರ ಸುಮಾರು ಶೇ 10ರಿಂದ 18ರವರೆಗೆ ಹರಡಿಕೊಳ್ಳುತ್ತದೆ. ಇಲ್ಲಿ ಬೆಳವಣಿಗೆ ದೊಡ್ಡದಾದ್ದರಿಂದ ಏರಿಕೆಯಾಗಿದೆ ಎಂಬಷ್ಟಾದರೂ ಖಚಿತವಾಗುತ್ತದೆ. ಎರಡನೆಯ ಮೊತ್ತ 182ರ ಬದಲು 163 ಲಕ್ಷ ಆಗಿದ್ದರೆ ಲೆಕ್ಕ ಶೇ 1.9ರ ಏರಿಕೆಯನ್ನು ತೋರಿಸುತ್ತಿತ್ತು. ಆದರೆ ಕಣ್ಣಳತೆಯ ತಪ್ಪನ್ನು ಸೇರಿಸಿದರೆ ನಿಜವಾದ ಉತ್ತರ ಶೇ 1.8ರ ಇಳಿಕೆಯಿಂದ ಶೇ 5.7ರ ಏರಿಕೆಯವರೆಗೆ ಎಲ್ಲಿಯಾದರೂ ಇರಬಹುದಾಗಿತ್ತು. ಅಂಥ ನಕ್ಷೆಯ ಕೆಳಗೆ ‘ಎರಡು ತ್ರೈಮಾಸಿಕಗಳ ಮಾರಾಟ ಹೆಚ್ಚುಕಡಿಮೆ ಸಮ, ಏರಿಕೆಯೋ ಇಳಿಕೆಯೋ ಈ ಚಿತ್ರದಿಂದ ಕಣ್ಣಳತೆಯಲ್ಲಿ ತಿಳಿಯದು’ ಎಂದು ಬರೆಯುವುದೇ ಸರಿಯಾದ ಉತ್ತರ.